ಅಮ್ಮನ ಆಸ್ಪತ್ರೆ ಬಿಲ್ಲು, ನಮ್ಮಿಬ್ಬರ ಪಾಲು

ತಮ್ಮಾ,

ಮೊನ್ನೆ ಫೋನಿನಲ್ಲಿ ನೀನು, "ಅಮ್ಮನ ಆಪರೇಷನ್ ಖರ್ಚೆಲ್ಲ ಮುಗೀತಲ್ಲ ಅಕ್ಕಾ, ನನ್ನ ಕಡೆಯಿಂದ ಇನ್ನೇನಾದ್ರೂ ಬರಬೇಕಾ?" ಅಂತ ಕೇಳಿದೆ. ನಾನು "ಏನಿಲ್ಲ ಬಿಡೋ" ಅಂದುಬಿಟ್ಟೆ. ದುಡ್ಡಿನ ಮಾತು ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಅದನ್ನೇ. ಅಪ್ಪ ಹಾಗೇ ಹೇಳುತ್ತಾರೆ, ಅಮ್ಮನಂತೂ ನೋವಿದ್ದರೂ ಹಾಗೇ ಹೇಳುತ್ತಾಳೆ. ಆದರೆ ಈ ಸಲ ಬಿಲ್ಲುಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಕೂತು ಕೂಡಿಸಿದ್ದೇನೆ. ಬಾಯಲ್ಲಿ ಹೇಳಿದರೆ ಜಗಳದ ಹಾಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಸಾಧ್ಯವಾದರೆ ನಿನ್ನ ಹೆಂಡತಿಯ ಜೊತೆ ಕೂತು ಓದು. ಇದರಲ್ಲಿರುವ ಲೆಕ್ಕ ಅವಳ ಮನೆಯ ಲೆಕ್ಕವೂ ಹೌದು.

ಮೊದಲು ಒಟ್ಟು ಮೊತ್ತ ಹೇಳಿಬಿಡುತ್ತೇನೆ. ಇನ್ಶೂರೆನ್ಸ್ ಕೊಟ್ಟದ್ದನ್ನೆಲ್ಲ ಕಳೆದು, ಅಮ್ಮ ಬಿದ್ದ ದಿನದಿಂದ ಮೂರು ತಿಂಗಳಲ್ಲಿ ನಮ್ಮ ಕೈಯಿಂದ ಹೋಗಿರುವುದು 2,03,320 ರೂಪಾಯಿ. ಡಿಸ್ಚಾರ್ಜ್ ದಿನ ನೀನು ಒಂದು ಲಕ್ಷ ಕಳಿಸಿದೆ. ಉಳಿದ 1,03,320 ನನ್ನ ಖಾತೆಯಿಂದ ಹೋಗಿದೆ. ಹತ್ತಿರ ಹತ್ತಿರ ಅರ್ಧ ಅರ್ಧ. ಯಾರೂ ಮಾತಾಡಿಕೊಳ್ಳದೆ ತಾನಾಗಿ ಹೀಗೆ ಬಿದ್ದಿದೆ. ನೋಡಿದವರು ಅಕ್ಕ ತಮ್ಮ ಎಷ್ಟು ಚೆನ್ನಾಗಿ ಹಂಚಿಕೊಂಡಿದ್ದಾರೆ ಅನ್ನಬೇಕು, ಹಾಗಿದೆ. ಈ ಅರ್ಧ ಅರ್ಧ ಯಾಕೆ ಸರಿಯಿಲ್ಲ, ಮುಂದೆ ಹೇಗೆ ಮಾಡೋಣ ಅನ್ನುವುದೇ ಈ ಪತ್ರದ ವಿಷಯ.

ಆಸ್ಪತ್ರೆಯ ಬಿಲ್ಲು ನೀನು ವಾಟ್ಸಾಪಿನಲ್ಲಿ ನೋಡಿದ್ದೀಯ, ಆದರೆ ಕೊನೆಯ ಪುಟ ಮಾತ್ರ. ಒಟ್ಟು 2,73,000. ಅಮ್ಮನ ತೊಡೆಮೂಳೆಯ ಕತ್ತು ಮುರಿದಿತ್ತು. ಆ ಮೂಳೆಯ ತಲೆಯನ್ನು ತೆಗೆದು ಲೋಹದ ತಲೆ ಕೂರಿಸಿದರು. ಆ ಇಂಪ್ಲಾಂಟಿಗೆ 42,000. ಸರ್ಜನ್, ಅರಿವಳಿಕೆ ಡಾಕ್ಟರು, ಆಪರೇಷನ್ ಥಿಯೇಟರ್ ಮೂರೂ ಸೇರಿ 98,500. ಒಂದು ರಾತ್ರಿ ಐಸಿಯುಗೆ 12,000, ಐದು ದಿನದ ರೂಮಿಗೆ 37,500. ನರ್ಸಿಂಗ್ ಅಂತ 7,500, ಹೃದಯ ನೋಡಲು ಬಂದ ಡಾಕ್ಟರಿಗೂ ಫಿಸಿಶಿಯನ್ನಿಗೂ 6,500. ರಕ್ತಪರೀಕ್ಷೆ, ಎಕ್ಸ್‌ರೇ, ಎಕೋ ಎಲ್ಲಾ 19,500. ಔಷಧಿ ಮತ್ತು ಸಾಮಾನು 48,000. ಕೊನೆಗೆ ರಿಜಿಸ್ಟ್ರೇಷನ್, ರೆಕಾರ್ಡ್ ಅಂತ 1,500.

ಔಷಧಿಯ 48,000 ನೋಡಿ ನೀನು ಹುಬ್ಬೇರಿಸಿದ್ದೆ. ಅದು ಒಂದು ಬಿಲ್ಲಲ್ಲ, ಉದ್ದುದ್ದ ಚೀಟಿಗಳ ಕಟ್ಟು. ವಾರ್ಡಿನಿಂದ ಬೆಳಿಗ್ಗೆ ಬೇಕಾದ ಔಷಧಿಯ ಪಟ್ಟಿ ಹೋಗುತ್ತದೆ, ಕೆಳಗಿನ ಫಾರ್ಮಸಿಯಿಂದ ಟ್ರೇ ಬರುತ್ತದೆ, ಬಂದ ತಕ್ಷಣ ಬಿಲ್ಲಿಗೆ ಸೇರುತ್ತದೆ. ಬಳಸದೆ ಉಳಿದದ್ದನ್ನು ಯಾರಾದರೂ ವಾಪಸ್ ಕಳಿಸಿದರೆ ಮಾತ್ರ ಕಡಿಮೆಯಾಗುತ್ತದೆ. ಡಿಸ್ಚಾರ್ಜ್ ದಿನ ಅಮ್ಮನ ಮಂಚದ ಪಕ್ಕದ ಡ್ರಾಯರ್ ತೆಗೆದರೆ ಸೀಲ್ ಒಡೆಯದ ಇಂಜೆಕ್ಷನ್‌ಗಳು, ಒಂದು ಡಬ್ಬಿ ಗ್ಲೌಸು, ಡ್ರಿಪ್ ಸೆಟ್ಟು ಎಲ್ಲಾ ಅಲ್ಲೇ ಇದ್ದವು. ಸಿಸ್ಟರ್‌ಗೆ ಹೇಳಿ ರಿಟರ್ನ್ ಹಾಕಿಸಿದೆ, 3,860 ಇಳಿಯಿತು. 48,000 ಅನ್ನುವುದು ಅದು ಇಳಿದ ಮೇಲಿನ ಮೊತ್ತ. ಮುಂದೆ ಯಾವತ್ತಾದರೂ ಆಸ್ಪತ್ರೆಯಲ್ಲಿ ನಿನ್ನ ಸರದಿ ಬಂದರೆ ಫೈನಲ್ ಬಿಲ್ಲಿಗೆ ಮುಂಚೆ ಡ್ರಾಯರ್ ನೋಡು, ಐಟಮ್‌ವಾರು ಬಿಲ್ಲು ಕೇಳಿ ತಗೋ.

ಈಗ ಇನ್ಶೂರೆನ್ಸ್. 2,73,000ಕ್ಕೆ ಅವರು ಕೊಟ್ಟದ್ದು 1,68,080. "ಐದು ಲಕ್ಷದ ಪಾಲಿಸಿ ಇದೆ, ಯಾಕೆ ಪೂರ್ತಿ ಕೊಡಲಿಲ್ಲ" ಅಂತ ನೀನು ಸಿಟ್ಟಾಗಿದ್ದೆ. ಸೆಟಲ್‌ಮೆಂಟ್ ಪತ್ರ ಹಿಡಿದುಕೊಂಡು ಸಾಲುಸಾಲಾಗಿ ನೋಡಿದೆ. ಅವರು ಲೆಕ್ಕ ತಪ್ಪಿಲ್ಲ.

ನಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆ, ದಿನಕ್ಕೆ ವಿಮಾ ಮೊತ್ತದ ಶೇಕಡ 1. ಐದು ಲಕ್ಷಕ್ಕೆ 5,000. ನಾವು ತಗೊಂಡ ಸಿಂಗಲ್ ರೂಮ್ 7,500. ದಿನಕ್ಕೆ 2,500ರಂತೆ ಐದು ದಿನಕ್ಕೆ 12,500 ನಾವು ಕೊಟ್ಟರೆ ಆಯಿತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಮಿತಿ ಮೀರಿದ ರೂಮಿನಲ್ಲಿದ್ದರೆ ರೂಮಿನ ಜೊತೆಗೇ ಸರ್ಜನ್ ಫೀಸು, ಥಿಯೇಟರ್, ಅರಿವಳಿಕೆ, ನರ್ಸಿಂಗ್, ಡಾಕ್ಟರ ವಿಸಿಟ್ ಎಲ್ಲವನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತಾರೆ. 7,500ಕ್ಕೆ 5,000 ಅಂದರೆ ಮೂರರಲ್ಲಿ ಎರಡು ಭಾಗ. ಹಾಗಾಗಿ ರೂಮಿನ 12,500 ಅಲ್ಲದೆ, ಉಳಿದವೆಲ್ಲ ಸೇರಿದ 1,12,500ರಲ್ಲಿ ಮೂರನೇ ಒಂದು ಭಾಗ, 37,500 ಹೋಯಿತು. ಔಷಧಿ, ಇಂಪ್ಲಾಂಟ್, ಟೆಸ್ಟು, ಐಸಿಯು ಇವುಗಳಿಗೆ ಈ ಕತ್ತರಿ ಹಾಕುವಂತಿಲ್ಲ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ, ಅಷ್ಟರಮಟ್ಟಿಗೆ ಬಚಾವ್. ರೂಮಿನ ದರ್ಜೆ ನೋಡಿ ದರ ಬದಲಿಸದ ಆಸ್ಪತ್ರೆಗಳಲ್ಲೂ ಹಾಕುವಂತಿಲ್ಲ. ಆದರೆ ನಮ್ಮದು ರೂಮಿಗೊಂದು ದರ ಇರುವ ಆಸ್ಪತ್ರೆ.

ಇದರ ಮೇಲೆ ವಿಮೆಗೆ ಬರದ ಸಾಮಾನು, ಅಂದರೆ ಗ್ಲೌಸು, ಡೈಪರ್, ಮಾಸ್ಕು, ರೆಕಾರ್ಡ್ ಶುಲ್ಕ ಇಂಥವು 12,900. ಉಳಿದ 2,10,100ಕ್ಕೆ ಶೇಕಡ 20 ಕೋ-ಪೇ, ಅಂದರೆ ಕ್ಲೇಮಿನಲ್ಲಿ ನಾವೇ ಕೊಡಬೇಕಾದ ಪಾಲು, 42,020. ಎಲ್ಲಾ ಕೂಡಿದರೆ ನಮ್ಮ ಪಾಲಿಗೆ 1,04,920 ಬಂತು.

ಅದೇ 5,000ದ ರೂಮಿನಲ್ಲಿ ಇದ್ದಿದ್ದರೆ? ಆ ಲೆಕ್ಕವನ್ನೂ ಹಾಕಿ ನೋಡಿದೆ. ಉಳಿದ ದರಗಳೆಲ್ಲ ಇಷ್ಟೇ ಇದ್ದವು ಅಂದುಕೊಂಡರೂ ನಮ್ಮ ಕೈಯಿಂದ ಹೋಗುತ್ತಿದ್ದದ್ದು 62,420. ಆ ದರ್ಜೆಗೆ ಸರ್ಜನ್ ಫೀಸೂ ಕಡಿಮೆ, ಹಾಗಾಗಿ ಅದಕ್ಕಿಂತಲೂ ಕಡಿಮೆಯೇ ಆಗುತ್ತಿತ್ತು. ಅಂದರೆ ಆ ಸಿಂಗಲ್ ರೂಮಿಗೆ ನಾವು ಕೊಟ್ಟ ನಿಜವಾದ ಬೆಲೆ ಕಡಿಮೆಯೆಂದರೂ 42,500. ರಾತ್ರಿ ಹೊತ್ತು ಅಡ್ಮಿಷನ್ ಕೌಂಟರಿನಲ್ಲಿ ನೀನು ಫೋನಿನಲ್ಲಿ "ಅಮ್ಮನಿಗೆ ಒಳ್ಳೇ ರೂಮ್ ಕೊಡ್ಸು" ಅಂದೆ, ನನಗೂ ಬೇಕಿತ್ತು, ಅಪ್ಪನಿಗೂ ಪಕ್ಕದಲ್ಲಿ ಮಲಗಲು ಜಾಗ ಬೇಕಿತ್ತು. ಇದನ್ನು ಯಾರ ತಲೆಗೂ ಕಟ್ಟುವುದು ಬೇಡ, ಇಬ್ಬರ ಖರ್ಚಿಗೇ ಸೇರಿಸಿದ್ದೇನೆ. ಆದರೆ ಮುಂದಿನ ಸಲಕ್ಕೆ ಈಗಲೇ ಒಂದು ಮಾತು ಆಗಲಿ: ರೂಮು ಪಾಲಿಸಿಯ ಮಿತಿಯೊಳಗೇ. ಅದು ಸಿಗದಿದ್ದರೆ, ಸಿಗಲಿಲ್ಲ ಅಂತ ಕೌಂಟರಿನವರಿಂದ ಬರೆಸಿಕೊಂಡು, ಖಾಲಿಯಾದ ತಕ್ಷಣ ಬದಲಾಯಿಸುವುದು.

ಇಲ್ಲಿಗೆ ಆಸ್ಪತ್ರೆಯ ಕಥೆ ಮುಗಿಯಿತು. ನೀನು ಮುಗಿಯಿತು ಅಂದುಕೊಂಡದ್ದೂ ಇಲ್ಲಿಗೇ. ನಾನು ಬರೆಯಲು ಕೂತದ್ದು ಇದರ ಮುಂದಿನದಕ್ಕೆ.

ಅಮ್ಮ ಮನೆಗೆ ಬಂದ ಮೇಲೆ ಖರ್ಚಾದದ್ದು 1,06,000. ಇನ್ಶೂರೆನ್ಸ್ ಬಿಟ್ಟು ಆಸ್ಪತ್ರೆಗೆ ನಾವು ಕೊಟ್ಟದ್ದಕ್ಕಿಂತ ಸಾವಿರ ರೂಪಾಯಿ ಹೆಚ್ಚೇ. ಇದಕ್ಕೆ ಒಂದು ದೊಡ್ಡ ಬಿಲ್ಲು ಇಲ್ಲ, ಯಾರಿಗೂ ಫೋಟೋ ತೆಗೆದು ಕಳಿಸುವಂಥದ್ದಿಲ್ಲ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಇದರಲ್ಲಿ ಅರ್ಧ ಹೋಂ ನರ್ಸ್‌ಗೆ. ಹೆಸರು ನರ್ಸ್ ಅಂತ ಅಷ್ಟೇ, ಏಜೆನ್ಸಿಯಿಂದ ಬಂದು ಅಮ್ಮನನ್ನು ಎಬ್ಬಿಸಿ, ಕೂರಿಸಿ, ತೊಳೆದು, ವಾಕರ್ ಹಿಡಿಸುವ ಹೆಂಗಸು. ಹಗಲು ಹನ್ನೆರಡು ಗಂಟೆಗೆ 850, ಎರಡು ತಿಂಗಳಿಗೆ 51,000. ಫಿಸಿಯೋಥೆರಪಿಯವರು ಮನೆಗೇ ಬಂದದ್ದಕ್ಕೆ ಸಲಕ್ಕೆ 600ರಂತೆ 21,600. ವಾಕರ್, ಕಮೋಡ್ ಕುರ್ಚಿ, ಎತ್ತಿ ಇಳಿಸುವ ಮಂಚದ ಬಾಡಿಗೆ ಸೇರಿ 12,500. ಡೈಪರ್, ಔಷಧಿ, ಡ್ರೆಸ್ಸಿಂಗ್ ಸಾಮಾನು 14,400. ತೋರಿಸಲು ಹೋದ ಡಾಕ್ಟರ ಫೀಸು, ಎಕ್ಸ್‌ರೇ, ಕಾರಿನ ಬಾಡಿಗೆ 6,500.

ಡಿಸ್ಚಾರ್ಜ್ ಆದ ಮೇಲೆ 60 ದಿನದೊಳಗಿನ ಔಷಧಿ, ಟೆಸ್ಟುಗಳಿಗೆ ನಮ್ಮ ಪಾಲಿಸಿಯಲ್ಲಿ ಕ್ಲೇಮ್ ಇದೆ. ಹಾಕಿದೆ, 9,500 ಒಪ್ಪಿದರು, ಕೋ-ಪೇ ಹೋಗಿ 7,600 ಬಂತು. ಫಿಸಿಯೋದ 21,600 ತಿರಸ್ಕಾರವಾಯಿತು. ಡಾಕ್ಟರು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿದ್ದರು, ಅಷ್ಟು ಸಾಕಾಗಲಿಲ್ಲ. ರಸೀದಿಯಲ್ಲಿ ಫಿಸಿಯೋದವರ ನೋಂದಣಿ ಸಂಖ್ಯೆ ಇರಲಿಲ್ಲ, ಎಷ್ಟು ಸಲ, ಎಷ್ಟು ದಿನ ಅನ್ನುವ ಡಾಕ್ಟರ ಚೀಟಿಯೂ ಬೇಕಿತ್ತಂತೆ. ಇದರ ಮೇಲೆ ಅಪೀಲು ಹಾಕಬಹುದು. ಆ ಕೆಲಸ ಯಾರದು ಅಂತ ಆಮೇಲೆ ಹೇಳುತ್ತೇನೆ.

ಹೋಂ ನರ್ಸ್‌ಗೆ ಮಾತ್ರ ಯಾವ ಕ್ಲೇಮೂ ಇಲ್ಲ. ಅವಳು ಸಂಜೆ ಏಳಕ್ಕೆ ಹೋಗುತ್ತಾಳೆ. ಅಲ್ಲಿಂದ ಬೆಳಿಗ್ಗೆ ಏಳರವರೆಗೆ ನಾನು. ಆ ಹೊತ್ತಿಗೂ ಏಜೆನ್ಸಿಯ ದರ ಅಷ್ಟೇ, 850. ಬೇಕಾದರೆ ನಾನೂ 51,000ದ ಬಿಲ್ಲು ಬರೆಯಬಹುದು. ಬರೆಯುವುದಿಲ್ಲ. ಅಮ್ಮನನ್ನು ರಾತ್ರಿ ಬಾತ್‌ರೂಮಿಗೆ ಕರೆದುಕೊಂಡು ಹೋದದ್ದಕ್ಕೆ ರೇಟು ಹಾಕಿದರೆ, ನಾಳೆ ನೀನು ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿದ್ದಕ್ಕೂ ರೇಟು ಹಾಕಬೇಕಾಗುತ್ತದೆ. ಆದರೆ ಬೆಲೆ ಹಾಕದಿರುವುದಕ್ಕೂ, ಅದು ಇಲ್ಲವೇ ಇಲ್ಲ ಅಂದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಹಾಗಾಗಿ ಎರಡು ಕೇಳುತ್ತೇನೆ. ಒಂದು, ರಜೆ ಮುಗಿದು ಸಂಬಳ ಕಟ್ಟಾದದ್ದು ಪೇ-ಸ್ಲಿಪ್ಪಿನಲ್ಲೇ ಇದೆ, 17,300. ಅದು ನನ್ನ ಜೇಬಿನಿಂದ ಹೋದ ದುಡ್ಡೇ, ಖರ್ಚಿಗೆ ಸೇರಲಿ. ಎರಡು, ಮುಂದೆ ಯಾರಿಗೇ ಆಗಲಿ ರಾತ್ರಿ ನೋಡಿಕೊಳ್ಳುವುದು ಎರಡು ವಾರ ದಾಟಿದರೆ ರಾತ್ರಿಗೂ ಆಳು ಇಡುವುದು, ಇಬ್ಬರ ದುಡ್ಡಿನಲ್ಲಿ. ಅಕ್ಕ ಹೇಗೂ ಇದ್ದಾಳಲ್ಲ ಅನ್ನುವುದು ಯೋಜನೆ ಆಗಬಾರದು. ನಿನ್ನ ಭಾವ ಒಂದು ಮಾತೂ ಆಡಿಲ್ಲ, ಆದರೆ ಆ ಎರಡು ತಿಂಗಳು ಮಕ್ಕಳ ಊಟ ಪಾಠ ಎಲ್ಲ ಅವರೇ ನೋಡಿಕೊಂಡರು.

ಇನ್ನು ಪಾಲಿನ ಮಾತು. ಅರ್ಧ ಅರ್ಧ ಅನ್ನುವುದು ಕೇಳಲು ಬಹಳ ನ್ಯಾಯವಾಗಿದೆ, ವಾದಕ್ಕೇ ಎಡೆಯಿಲ್ಲ. ಆದರೆ ನಿನ್ನ ಕೈಗೆ ಬರುವ ಸಂಬಳ 1,30,000. ಅದರಲ್ಲಿ ಮನೆ ಸಾಲದ ಕಂತು 42,000, ಮಗುವಿನ ಶಾಲೆಗೆ ತಿಂಗಳ ಲೆಕ್ಕದಲ್ಲಿ 18,000. ಉಳಿಯುವುದು 70,000. ನನ್ನದು 52,000, ಕಂತು ಮತ್ತು ಶಾಲೆಯಲ್ಲಿ ನನ್ನ ಪಾಲು 17,000, ಉಳಿಯುವುದು 35,000. ಎರಡಕ್ಕೆ ಒಂದು. ನಾವಿಬ್ಬರೂ 50,000 ಕೊಟ್ಟರೆ ನಿನಗೆ ಅದು ಇಪ್ಪತ್ತೊಂದು ದಿನದ ಖರ್ಚು, ನನಗೆ ಒಂದೂವರೆ ತಿಂಗಳದ್ದು. ಸಂಬಳವನ್ನು ಇಡಿಯಾಗಿ ಹಿಡಿಯದೆ, ತಪ್ಪಿಸಲಾಗದ ಕಂತು ಮತ್ತು ಶಾಲೆ ಕಳೆದು ಉಳಿಯುವುದನ್ನು ಹಿಡಿದದ್ದು ನಿನ್ನ ಅನುಕೂಲಕ್ಕೇ. ಬರೀ ಸಂಬಳ ನೋಡಿದರೆ ನಿನ್ನ ಪಾಲು ಇನ್ನೂ ಜಾಸ್ತಿ ಬರುತ್ತಿತ್ತು. ಭಾವನ ಸಂಬಳವನ್ನಾಗಲಿ ನಿನ್ನ ಹೆಂಡತಿಯ ಸಂಬಳವನ್ನಾಗಲಿ ಸೇರಿಸಿಲ್ಲ. ಅವರಿಗೂ ಅಪ್ಪ ಅಮ್ಮ ಇದ್ದಾರೆ, ಅವರ ಲೆಕ್ಕ ಅವರಿಗೆ.

ದೊಡ್ಡಪ್ಪ ಅಂದು ಎಲ್ಲರೆದುರು "ಮದುವೆಯಾಗಿ ಹೋದ ಮಗಳ ಹತ್ತಿರ ದುಡ್ಡು ಇಸ್ಕೊಳ್ಳೋದಾ" ಅಂದರಲ್ಲ, ನಿನಗೆ ಅದು ಚುಚ್ಚಿತು ಅಂತ ಗೊತ್ತು. ಅದನ್ನು ಬಿಟ್ಟುಬಿಡು. 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗನೂ ಹೌದು, ಮಗಳೂ ಹೌದು. ಕಾಯ್ದೆ ಇಲ್ಲದಿದ್ದರೂ ನಾನು ಕೊಡುವವಳೇ. ಒಂದು ಪಾಲು ಕೊಡುತ್ತೇನೆ, ಎರಡು ಪಾಲು ನೀನು ಕೊಡು.

ಆ ಪ್ರಕಾರ ಆದದ್ದನ್ನು ಮೊದಲು ತೀರಿಸಿಬಿಡೋಣ. 2,03,320ಕ್ಕೆ ಸಂಬಳ ಕಟ್ಟಾದ 17,300 ಸೇರಿದರೆ 2,20,620. ಮೂರರಲ್ಲಿ ಒಂದು ಪಾಲು ನನ್ನದು, 73,540. ನಿನ್ನದು 1,47,080. ನೀನು ಒಂದು ಲಕ್ಷ ಕೊಟ್ಟಾಗಿದೆ, ಇನ್ನು 47,080. ಅದನ್ನು ನನಗೆ ಕಳಿಸಬೇಡ. ಯಾಕೆ ಅಂತ ಮುಂದೆ ಬರುತ್ತದೆ.

ಈಗ ಪ್ರತಿ ತಿಂಗಳಿನದು. ಅಪ್ಪನ ಸಕ್ಕರೆ, ಬಿಪಿ, ಅಮ್ಮನ ಮೂಳೆಯದು ಎಲ್ಲ ಸೇರಿ ಮಾತ್ರೆಗೆ 5,500. ಟೆಸ್ಟು, ಡಾಕ್ಟರ ಫೀಸು ತಿಂಗಳಿಗೆ ಹಂಚಿದರೆ 1,500. ಒಟ್ಟು 7,000. ಈವರೆಗೆ ಇದನ್ನು ಅಪ್ಪ ಪೆನ್ಷನ್ನಿನಲ್ಲಿ ನಿಭಾಯಿಸುತ್ತಿದ್ದಾರೆ ಅಂತ ನಾವು ಅಂದುಕೊಂಡಿದ್ದೆವು. ಹೋದ ತಿಂಗಳು ಅವರ ಮಾತ್ರೆ ಡಬ್ಬಿ ತುಂಬಿಸಲು ಹೋದೆ. ಸಂಜೆಯ ಖಾನೆಗಳಲ್ಲಿ ಮಾತ್ರೆಗಳು ಅರ್ಧ ಅರ್ಧ ಇದ್ದವು, ಬ್ಲೇಡಿನಲ್ಲಿ ಕತ್ತರಿಸಿದ್ದು, ಅಂಚು ಪುಡಿಯಾಗಿತ್ತು. ಕೇಳಿದರೆ "ಸಂಜೆ ಅಷ್ಟೊಂದು ಬೇಕಾಗಲ್ಲಮ್ಮಾ" ಅಂದರು. ಡಾಕ್ಟರು ಹಾಗೆ ಹೇಳಿರಲಿಲ್ಲ. ಆ ಸ್ಟ್ರಿಪ್ ಮೇಲೆ ನಿಧಾನವಾಗಿ ಕರಗುವ ಬಗೆಯ ಮಾತ್ರೆ ಅಂತ ಬರೆದಿದೆ, ಅದನ್ನು ಕತ್ತರಿಸಲೇಬಾರದು, ಕತ್ತರಿಸಿದರೆ ಔಷಧಿ ಒಂದೇ ಸಲಕ್ಕೆ ಇಳಿದುಬಿಡುತ್ತದೆ. ಆ ಅರ್ಧ ಮಾತ್ರೆಯಿಂದ ಅಪ್ಪ ಉಳಿಸಿದ್ದು ದಿನಕ್ಕೆ ಏಳೆಂಟು ರೂಪಾಯಿ.

ಪೂರ್ತಿ ನಾವೇ ಕೊಡುತ್ತೇವೆ ಅಂದರೆ ಅವರು ಒಪ್ಪುವುದಿಲ್ಲ, ಒಪ್ಪಿದರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಅದಕ್ಕೆ ತಿಂಗಳಿಗೆ 3,000 ಅವರದು, 4,000 ನಮ್ಮದು ಅಂತ ಇಟ್ಟಿದ್ದೇನೆ. ಮಾತ್ರೆಗಳನ್ನು ನಾನು ಒಂದು ತಿಂಗಳಿಗಾಗುವಷ್ಟು ಒಟ್ಟಿಗೆ ತಂದುಬಿಡುತ್ತೇನೆ, ಅಂಗಡಿಯ ಬಿಲ್ಲು ಅವರ ಕೈಗೆ ಹೋಗುವುದೇ ಬೇಡ. ಡಾಕ್ಟರು ಒಪ್ಪಿದ ಕೆಲವನ್ನು ಜನೌಷಧಿಯಲ್ಲಿ ತರುವುದಕ್ಕೂ ಶುರುಮಾಡುತ್ತೇನೆ. ಅದರಲ್ಲಿ ಉಳಿದರೆ 7,000 ಅನ್ನುವುದು ಇಳಿಯುತ್ತದೆ, ಸದ್ಯಕ್ಕೆ ಉಳಿಯುತ್ತದೆ ಅಂತ ಲೆಕ್ಕಕ್ಕೆ ಹಿಡಿದಿಲ್ಲ.

ಇದರ ಜೊತೆಗೆ ಪ್ರೀಮಿಯಂ, ವರ್ಷಕ್ಕೆ 58,000. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದಿದ್ದಾರೆ, ಇಲ್ಲದಿದ್ದರೆ ಇದೇ ಪ್ರೀಮಿಯಂ 68,000 ದಾಟುತ್ತಿತ್ತು. ತಿಂಗಳ 4,000ಕ್ಕೆ ಇದನ್ನು ಹಂಚಿ ಸೇರಿಸಿದರೆ ಸುಮಾರು 8,800.

ಮೂರನೆಯದು ಆಪತ್ತಿಗೆ ಇಡುವ ದುಡ್ಡು. ಕ್ಯಾಶ್‌ಲೆಸ್ ಇದ್ದರೂ ಅಡ್ಮಿಷನ್ ಹೊತ್ತಿಗೆ ಐವತ್ತು ಸಾವಿರ ಅಡ್ವಾನ್ಸ್ ಕೇಳಿದರು, ನೆನಪಿದೆಯಾ? ಕೊನೆಗೆ ಅದು ಬಿಲ್ಲಿನಲ್ಲಿ ವಜಾ ಆಗುತ್ತದೆ, ನಿಜ, ಆದರೆ ಆ ರಾತ್ರಿ ಕೈಯಲ್ಲಿರಬೇಕು. ಈ ಸಲದ ಅನುಭವದಲ್ಲಿ ಒಂದು ಆಪರೇಷನ್ನಿಗೆ ವಿಮೆ ಕಳೆದು ಎರಡು ಲಕ್ಷ ಬೇಕಾಯಿತು. ತಿಂಗಳಿಗೆ 8,000 ಹಾಕಿದರೆ ಎರಡು ವರ್ಷದಲ್ಲಿ 1,92,000. ಅಲ್ಲಿಗೆ ನಿಲ್ಲಿಸಬಹುದು, ಖರ್ಚಾದರೆ ಮತ್ತೆ ತುಂಬಿಸುವುದು.

8,800 ಮತ್ತು 8,000, ಒಟ್ಟು ತಿಂಗಳಿಗೆ 16,800. ನಿನ್ನದು 11,200, ನನ್ನದು 5,600. ನಮ್ಮಿಬ್ಬರ ಹೆಸರಿನಲ್ಲಿ ಒಂದು ಜಂಟಿ ಖಾತೆ, ಯಾರಾದರೂ ಒಬ್ಬರು ತೆಗೆಯುವ ಹಾಗೆ, ಕಾರ್ಡು ನನ್ನ ಹತ್ತಿರ, ಪ್ರತಿ ಸಲದ ಎಸ್ಸೆಮ್ಮೆಸ್ಸು ನಿನಗೂ. ಆಗ ನಾನು ಲೆಕ್ಕ ಒಪ್ಪಿಸುವುದೂ ಬೇಡ, ನೀನು ಕೇಳಲು ಸಂಕೋಚಪಡುವುದೂ ಬೇಡ. ಮೇಲೆ ಹೇಳಿದ 47,080 ಆ ಖಾತೆಗೆ ಹಾಕು. ಅದು ನನ್ನ ಪಾಲಿನ ಮುಂಗಡ. ಎಂಟು ತಿಂಗಳಿಗೂ ಸ್ವಲ್ಪ ಹೆಚ್ಚು ನಾನು ಏನೂ ಹಾಕುವುದಿಲ್ಲ. ನನ್ನ ಉಳಿತಾಯ ಈಗ ಬಹುತೇಕ ತಳ ಕಂಡಿದೆ, ಅಷ್ಟು ತಿಂಗಳು ಸಿಕ್ಕರೆ ಸುಧಾರಿಸಿಕೊಳ್ಳುತ್ತೇನೆ.

ಪ್ರೀಮಿಯಂ ಮಾತ್ರ ಜಂಟಿ ಖಾತೆಯಿಂದ ಬೇಡ, ನಿನ್ನ ಸ್ವಂತ ಖಾತೆಯಿಂದಲೇ ಕಟ್ಟು, ನಿನ್ನ ಪಾಲಿನಲ್ಲಿ ಕಳೆದುಕೋ. ಮನೆ ಸಾಲ ಇರುವುದರಿಂದ ನೀನು ಹಳೆಯ ತೆರಿಗೆ ಪದ್ಧತಿಯಲ್ಲೇ ಇದ್ದೀನಿ ಅಂದಿದ್ದೆ. ಅರವತ್ತು ದಾಟಿದ ತಂದೆತಾಯಿಯ ಪ್ರೀಮಿಯಂಗೆ ತೆರಿಗೆ ಕಟ್ಟುವ ಆದಾಯದಿಂದ 50,000ದವರೆಗೆ ಕಳೆಯಬಹುದು, ನಗದಾಗಿ ಕಟ್ಟಿರಬಾರದು. ನಿನ್ನ ಶೇಕಡ 30ರ ಸ್ಲ್ಯಾಬಿನಲ್ಲಿ ಸೆಸ್ ಸೇರಿ 15,600 ತೆರಿಗೆ ಉಳಿಯುತ್ತದೆ. ನಾನು ಹೊಸ ಪದ್ಧತಿಯಲ್ಲಿದ್ದೇನೆ, ನನಗೆ ಅದರಿಂದ ಒಂದು ಪೈಸೆಯೂ ಇಲ್ಲ. ಉಳಿದ 15,600 ನೀನೇ ಇಟ್ಟುಕೋ ಅನ್ನಬಹುದು, ಆದರೆ ಅಪ್ಪ ಅಮ್ಮನ ಹೆಸರಿನಲ್ಲಿ ಬಂದದ್ದು, ಆಪತ್ತಿನ ದುಡ್ಡಿಗೇ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ನಾನು ಹಟ ಹಿಡಿಯುವುದಿಲ್ಲ.

ಈ ವ್ಯವಸ್ಥೆ ಎಲ್ಲಿಯವರೆಗೆ ತಡೆಯುತ್ತದೆ ಅನ್ನುವುದನ್ನೂ ಹೇಳಬೇಕು. ಇನ್ನೊಂದು ಮೂಳೆ ಮುರಿದರೆ, ಒಂದು ಸ್ಟೆಂಟ್ ಹಾಕಿಸಬೇಕಾದರೆ ತಡೆಯುತ್ತದೆ. ಹದಿನೈದು ದಿನ ವೆಂಟಿಲೇಟರ್ ಅಂದರೆ, ಅಥವಾ ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂದರೆ ತಡೆಯುವುದಿಲ್ಲ. ಹಾಗಾದಾಗ ಮೊದಲು ಅಪ್ಪನ ಎಫ್‌ಡಿ ಮುರಿಸೋಣ. ಅದು ಅವರಿಬ್ಬರಿಗೇ ಇರುವ ದುಡ್ಡು, ನಮಗೆ ಉಳಿಸಿಕೊಡಲಿ ಅಂತ ನಾವು ಕಾಯಬಾರದು. ಅದೂ ಮುಗಿದ ಮೇಲೆ ಮಾತ್ರ ಸಾಲದ ಮಾತು, ಅದಕ್ಕೂ ಇದೇ ಎರಡು ಒಂದು. ನಿನಗೆ ಹೇಳದೆ ನಾನು ಒಡವೆ ಅಡ ಇಡುವುದಿಲ್ಲ, ನನಗೆ ಹೇಳದೆ ನೀನು ಪರ್ಸನಲ್ ಲೋನ್ ತೆಗೆಯಬೇಡ.

ಮನೆಯ ವಿಷಯ ಇದರೊಳಗೆ ತರಬೇಡ, ನಾನೂ ತರುವುದಿಲ್ಲ. "ಮನೆ ಯಾರಿಗೋ ಅವರೇ ಆಸ್ಪತ್ರೆ ನೋಡಿಕೊಳ್ಳಲಿ" ಅಂತ ಹೇಳುವವರು ನಮ್ಮ ಬಳಗದಲ್ಲೇ ನಾಲ್ಕು ಜನ ಸಿಗುತ್ತಾರೆ. ಹಾಗೆ ಮಾತಾಡಿಕೊಂಡ ಮನೆಗಳಲ್ಲಿ ಆಮೇಲೆ ಪ್ರತಿ ಆಪರೇಷನ್ನೂ ಮನೆಯ ಬೆಲೆಯಿಂದ ಕಳೆಯುವ ಬಾಬತ್ತು ಆಗುತ್ತದೆ, ಮಲಗಿದವರಿಗೆ ಅದು ಗೊತ್ತಾಗುತ್ತದೆ. ಈ ಖಾತೆಗೆ ಹಾಕಿದ್ದು ವಾಪಸ್ ಬರುವ ದುಡ್ಡಲ್ಲ. ಮುಂದೊಂದು ದಿನ ಮನೆ ಮಾರಿದರೂ ಇದನ್ನು ಹಿಡಿದು ಲೆಕ್ಕ ಕೇಳುವಂತಿಲ್ಲ, ಇಬ್ಬರೂ.

ಪಾಲು ಎರಡಕ್ಕೆ ಒಂದು ಅನ್ನುವುದೂ ಕಲ್ಲಿನಲ್ಲಿ ಕೊರೆದದ್ದೇನಲ್ಲ. ನಿನ್ನ ಕೆಲಸ ಹೋದರೆ, ನನ್ನ ಕಂತು ತೀರಿದರೆ, ಹೊಸದಾಗಿ ಲೆಕ್ಕ ಹಾಕೋಣ. ಪ್ರತಿ ಏಪ್ರಿಲ್‌ನಲ್ಲಿ ಒಂದು ಸಲ ಸಾಕು. ಮಧ್ಯದಲ್ಲಿ ಬೇಡ, ಇಲ್ಲದಿದ್ದರೆ ಪ್ರತಿ ಫೋನಿನಲ್ಲೂ ಇದೇ ಮಾತಾಗುತ್ತದೆ.

ಇನ್ನು ದುಡ್ಡಲ್ಲದ ಕೆಲಸ. ಓಡಾಟದ ಕೆಲಸ ದೂರದಿಂದ ಮಾಡಲಾಗುವುದಿಲ್ಲ, ಕಾಗದದ ಕೆಲಸ ಮಾಡಬಹುದು. ಆದ್ದರಿಂದ ಇನ್ಶೂರೆನ್ಸ್ ಪೂರ್ತಿ ನಿನಗೆ ವಹಿಸುತ್ತಿದ್ದೇನೆ. ಫಿಸಿಯೋದ ಅಪೀಲು ಮೊದಲು. ಆಪರೇಷನ್ ಮಾಡಿದ ಡಾಕ್ಟರಿಂದ ಎಷ್ಟು ಸಲ ಬೇಕು ಅನ್ನುವ ಚೀಟಿ ನಾನು ಬರೆಸಿಕೊಡುತ್ತೇನೆ, ಫಿಸಿಯೋದವರಿಂದ ನೋಂದಣಿ ಸಂಖ್ಯೆ ಹಾಕಿದ ರಸೀದಿಯನ್ನೂ ತರಿಸುತ್ತೇನೆ. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯುವುದು ನೀನು. ಅವರೂ ಒಪ್ಪದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬಂದರೆ ಕೋ-ಪೇ ಕಳೆದು 17,280 ಬರಬೇಕು, ಅದು ಜಂಟಿ ಖಾತೆಗೆ.

ಆಮೇಲೆ ಪಾಲಿಸಿ ರಿನ್ಯೂವಲ್. ರೂಮ್ ಮಿತಿ ತೆಗೆಸಲು, ಕೋ-ಪೇ ಇಳಿಸಲು ಎಷ್ಟು ಹೆಚ್ಚು ಕೇಳುತ್ತಾರೆ ಅಂತ ಇದೇ ಕಂಪನಿಯಲ್ಲಿ ವಿಚಾರಿಸು. ವರ್ಷಕ್ಕೆ ಹತ್ತು ಸಾವಿರದೊಳಗೆ ಹೆಚ್ಚಾದರೆ ನನ್ನ ಮತ ಒಪ್ಪಿಕೊಳ್ಳೋಣ ಅಂತ, ಈ ಒಂದು ಬಿಲ್ಲಿನಲ್ಲೇ ಆ ಎರಡು ಷರತ್ತಿಗೆ ನಾವು ಕಳಕೊಂಡದ್ದು ಎಷ್ಟು ಅಂತ ಮೇಲೆ ನೋಡಿದ್ದೀಯಲ್ಲ. ಬೇರೆ ಕಂಪನಿಗೆ ಪೋರ್ಟ್ ಮಾಡುವುದಾದರೆ ರಿನ್ಯೂವಲ್‌ಗೆ 45 ದಿನ ಮುಂಚೆಯೇ ಅರ್ಜಿ ಹೋಗಬೇಕು, ಕೊನೇ ವಾರದಲ್ಲಿ ಆಗುವುದಿಲ್ಲ. ಆಗ ಅಮ್ಮನ ಈ ಆಪರೇಷನ್, ಅಪ್ಪನ ಸಕ್ಕರೆ ಎಲ್ಲ ಬರೆಯಬೇಕು, ಏನನ್ನೂ ಮುಚ್ಚಿಡಬೇಡ. ಅವರು ಬೇಡ ಅಂದರೂ ಹಳೆಯದು ಇದ್ದೇ ಇರುತ್ತದೆ, ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಬಿಡಬಾರದು ಅಷ್ಟೆ.

ಬಿಲ್ಲುಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಹಾಕಿ ನಿನ್ನ ಮೇಲ್‌ಗೆ ಕಳಿಸಿದ್ದೇನೆ. ಹೋಂ ನರ್ಸ್ ಏಜೆನ್ಸಿಯ ಎರಡು ರಸೀದಿಗಳಲ್ಲಿ ತಾರೀಖು ಸರಿಯಾಗಿ ಕಾಣುವುದಿಲ್ಲ, ಬ್ಯಾಂಕಿನ ಪಾವತಿ ಜೊತೆಗಿದೆ, ಅದನ್ನು ನೋಡು. ಯಾವ ಮೊತ್ತ ತಪ್ಪು ಅನ್ನಿಸುತ್ತದೋ ಅದರ ಪಕ್ಕದಲ್ಲಿ ನಿನ್ನ ಅಂಕಿ ಬರೆದು ವಾಪಸ್ ಕಳಿಸು. 11,200 ಹೆಚ್ಚಾಯಿತು ಅನ್ನಿಸಿದರೆ ಎಷ್ಟಾಗುತ್ತದೆ ಅಂತ ನೇರವಾಗಿ ಬರೆ, ಕಡಿಮೆ ಮಾಡಬೇಕಾದದ್ದು ಆಪತ್ತಿನ 8,000ದಲ್ಲಿ ಮಾತ್ರ, ಮಾತ್ರೆ ಮತ್ತು ಪ್ರೀಮಿಯಂನಲ್ಲಿ ಅಲ್ಲ. ರಿನ್ಯೂವಲ್ ಇನ್ನು ಎರಡೂವರೆ ತಿಂಗಳಿಗೆ. ಅಂದರೆ ಪೋರ್ಟ್ ಮಾಡುವುದೋ ಬೇಡವೋ ಅಂತ ಈ ತಿಂಗಳ ಕೊನೆಗೆ ನೀನು ಹೇಳಬೇಕು.

ನಿನ್ನ ಅಕ್ಕ